ಚಕ್ಕುಲಿ ವ್ಯಾಪಾರಕ್ಕೆ ಮನೆಯ ಒಲೆ ಸಾಕೋ, ಬಾಡಿಗೆ ಅಡುಗೆಮನೆ ಬೇಕೋ?

ಸುಮಾ, ಮೈಸೂರು: ಕೆಲವು ವರ್ಷಗಳಿಂದ ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಿದ್ದೇನೆ. ಆಹಾರ ಸುರಕ್ಷತಾ ನೋಂದಣಿ ಇದೆ. ವಾರಕ್ಕೆ 60 ಕೆಜಿ ನೇರವಾಗಿ ಮನೆಗಳಿಗೆ ಹೋಗುತ್ತದೆ, ಕೆಜಿಗೆ 400 ರೂಪಾಯಿ. ಈಗ ಎರಡು ಕಾಂಡಿಮೆಂಟ್ಸ್ ಅಂಗಡಿಯವರು ವಾರಕ್ಕೆ 40 ಕೆಜಿ ಕೇಳುತ್ತಿದ್ದಾರೆ, ಅವರು ಕೊಡುವುದು 320. ಮನೆಯಲ್ಲಿ ಅಷ್ಟು ಮಾಡಲು ಆಗುತ್ತಿಲ್ಲ. 14,000 ಬಾಡಿಗೆಯ ಮಳಿಗೆಯೊಂದು ಸಿಕ್ಕಿದೆ, ಹತ್ತು ತಿಂಗಳ ಮುಂಗಡ ಕೇಳುತ್ತಾರೆ. ಹಿಡಿಯಲೇ?

ರಮೇಶ, ತುಮಕೂರು: ಯೋಚನೆ ಮಾಡುವುದೇ ಬೇಡ ಮೇಡಂ. ವಹಿವಾಟು ನೋಂದಣಿಯ ಮಿತಿ ದಾಟಿತೆಂದರೆ ಮನೆಯಲ್ಲಿ ಮಾಡುವುದೇ ಕಾನೂನುಬಾಹಿರ. ಇನ್ನೊಂದು ಮಾತು, ಮನೆಬಳಕೆಯ ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆ ಮಾಡುವಂತಿಲ್ಲ. ಈಗಲೇ ಹೊರಗೆ ಹೋಗಿ.

ಶಾಂತಾ, ಹುಬ್ಬಳ್ಳಿ: ನಾನೂ ಮನೆಯಿಂದಲೇ ಊಟದ ಡಬ್ಬಿ ಶುರು ಮಾಡಿದವಳು. ಕಾಲೇಜು, ಕಚೇರಿಗಳ ಹತ್ತಿರ ಜಾಗ ಹಿಡಿದ ಮೇಲೆಯೇ ಕೈಗೆ ಹತ್ತಿದ್ದು. ಹನ್ನೆರಡೂವರೆಯ ಒಳಗೆ ಬಿಸಿ ರೊಟ್ಟಿ, ಪಲ್ಯ ಮುಟ್ಟಬೇಕು, ದೂರದಿಂದ ಕಳಿಸಿದರೆ ಯಾರು ತಿನ್ನುತ್ತಾರೆ? ನೀವು ನೋಡಿರುವ ಮಳಿಗೆಯ ಎದುರು ಜನ ಓಡಾಡುತ್ತಾರೆಯೇ, ಅದನ್ನು ಮೊದಲು ಹೇಳಿ.

ನಾಗರತ್ನಾ, ಬೆಂಗಳೂರು: ಶಾಂತಾ ಅವರೇ, ಸುಮಾ ಅಂಗಡಿ ತೆರೆಯುತ್ತಿಲ್ಲ, ಕರಿಯಲು ಜಾಗ ಹುಡುಕುತ್ತಿದ್ದಾರೆ. ಜೊತೆಗೆ, ನಿಮ್ಮ ಊಟ ಆ ಹೊತ್ತಿಗೇ ಖರ್ಚಾಗಬೇಕು, ಚಕ್ಕುಲಿ ವಾರಗಟ್ಟಲೆ ಇಡಬಹುದಾದ ಸರಕು. ಗೋಕುಲಾಷ್ಟಮಿಯ ಬೇಡಿಕೆಯನ್ನು ಹಿಂದಿನ ಎರಡು ವಾರಗಳಿಗೆ ಹಂಚಿಕೊಂಡು ಮಾಡಬಹುದು. ಹಬ್ಬದ ನೂಕುನುಗ್ಗಲು ಕಂಡು ಜಾಗ ಹಿಡಿಯುವ ಅಗತ್ಯ ಡಬ್ಬಿಯವರಿಗೆ ಇರುವಷ್ಟು ಇವರಿಗಿಲ್ಲ.

ರಮೇಶ್, ಸಿಲಿಂಡರಿನ ಮಾತು ಸರಿ. ಆದರೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ತೆಗೆದುಕೊಂಡರೆ ಆ ದೋಷ ಹೋಗುತ್ತದೆ, ಅದಕ್ಕಾಗಿ ಮಳಿಗೆ ಬೇಕಿಲ್ಲ. ವಹಿವಾಟು ಹೆಚ್ಚಿದರೆ ನೋಂದಣಿಯ ಬದಲು ಪರವಾನಗಿ ಬೇಕಾಗುತ್ತದೆ. ಬದಲಾಗುವುದು ಕಾಗದ. ಮನೆ ಬಿಡಲೇಬೇಕೆಂದು ಅದು ಹೇಳುವುದಿಲ್ಲ. ಮಿತಿಯ ಅಂಕಿ ಪರಿಷ್ಕರಣೆಯಾಗುತ್ತಿರುತ್ತದೆ, ಅರ್ಜಿ ಹಾಕುವ ದಿನ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲೇ ನೋಡಬೇಕು. ಜಾಗ ಬದಲಿಸಿದರೆ ಮಾತ್ರ ಹೊಸ ವಿಳಾಸಕ್ಕೆ ಬೇರೆಯಾಗಿ ಮಾಡಿಸಬೇಕು, ಪೊಟ್ಟಣದ ಮೇಲಿನ ವಿಳಾಸ, ಸಂಖ್ಯೆ ಎರಡೂ ಬದಲಾಗುತ್ತವೆ. ಹಳೆಯ ಲೇಬಲ್ ಸಾವಿರಗಟ್ಟಲೆ ಮುದ್ರಿಸಿ ಇಟ್ಟಿದ್ದರೆ ಅದೂ ನಷ್ಟದ ಲೆಕ್ಕಕ್ಕೇ.

ಸುಮಾ, ಕೆಜಿಗೆ ನಿಮ್ಮ ಕೈಯಿಂದ ಎಷ್ಟು ಖರ್ಚಾಗುತ್ತದೆ? ದೀಪಾವಳಿ ಮುಗಿದ ಮೇಲೆ ವ್ಯಾಪಾರ ಎಷ್ಟಕ್ಕೆ ಇಳಿಯುತ್ತದೆ?

ಸುಮಾ, ಮೈಸೂರು: ಹಿಟ್ಟು, ಬೆಣ್ಣೆ, ಎಣ್ಣೆ, ಗ್ಯಾಸ್, ಕವರ್, ಒತ್ತಲು ಬರುವವರ ಕೂಲಿ ಎಲ್ಲ ಸೇರಿ 230. ಆ ತಿಂಗಳಲ್ಲಿ ವಾರಕ್ಕೆ 35 ಕೆಜಿ ಹೋದರೆ ಹೆಚ್ಚು. ಪ್ಯಾಕಿಂಗ್ ಅತ್ತೆ ಮತ್ತು ಮಗಳು ಮಾಡುತ್ತಾರೆ. ಮಳಿಗೆಗೆ ಹೋದರೆ ಅದಕ್ಕೆ ಆಳು ಬೇಕು, 10,000 ಆಗಬಹುದು. ಕರೆಂಟು, ನೀರು, ಆಟೋ ಸೇರಿ ಇನ್ನೊಂದು 5,000.

ನಾಗರತ್ನಾ, ಬೆಂಗಳೂರು: ಹಾಗಾದರೆ ಬಾಡಿಗೆ ಸೇರಿ ತಿಂಗಳಿಗೆ 29,000 ಹೊಸ ಖರ್ಚು. ಅಂಗಡಿಗೆ ಕೊಡುವ ಪ್ರತಿ ಕೆಜಿಯಲ್ಲಿ ನಿಮಗೆ ಉಳಿಯುವುದು 90. ತಿಂಗಳಿಗೆ ನಾಲ್ಕು ವಾರವೆಂದರೆ 160 ಕೆಜಿಗೆ 14,400. ಅಂದರೆ ಹೊಸ ವ್ಯಾಪಾರ ತನ್ನ ಖರ್ಚಿನ ಅರ್ಧವನ್ನೂ ದುಡಿಯುವುದಿಲ್ಲ, ಉಳಿದದ್ದನ್ನು ಹಳೆಯ ಗಿರಾಕಿಗಳ ಹಣದಿಂದ ತುಂಬುತ್ತೀರಿ.

ಅದನ್ನು ಮಂದ ತಿಂಗಳಲ್ಲಿ ನೋಡಿ. ಮನೆಯಲ್ಲೇ ಇದ್ದರೆ 140 ಕೆಜಿಗೆ 170ರಂತೆ 23,800 ಉಳಿಯುತ್ತದೆ. ಮಳಿಗೆಯಲ್ಲಿದ್ದರೆ ಅದಕ್ಕೆ ಅಂಗಡಿಗಳ 14,400 ಸೇರಿಸಿ, 29,000 ಕಳೆಯಿರಿ, 9,200. ದುಡಿಮೆ ಹೆಚ್ಚಾಗಿ ಕೈಗೆ ಬರುವುದು ಅರ್ಧಕ್ಕಿಂತ ಕಡಿಮೆ. ಹೊಗೆ ಹೋಗುವ ಕೊಳವೆ, ಸಿಂಕು, ಟೈಲ್ಸ್ ಎಂದು ಹಾಕುವ ಹಣವನ್ನು ನಾನಿನ್ನೂ ಮುಟ್ಟಿಲ್ಲ. ಮುಂಗಡ ಹೇಗೋ ವಾಪಸಾಗುತ್ತದೆ, ಆ ಹಣ ಬರುವುದಿಲ್ಲ.

ಇದೇ 320ರ ದರದಲ್ಲಿ ವಾರಕ್ಕೆ 80 ಕೆಜಿಯ ಆರ್ಡರ್, ಅದೂ ಮಂದ ತಿಂಗಳಲ್ಲೂ ನಿಲ್ಲದಂಥದ್ದು ಕೈಯಲ್ಲಿದ್ದರೆ ಮಳಿಗೆಯ ಖರ್ಚು ಹೆಚ್ಚುಕಡಿಮೆ ಸರಿಹೋಗುತ್ತದೆ, ಅಷ್ಟೆ. ಲಾಭ ಶುರುವಾಗುವುದು ಅದರ ಮೇಲೆ.

ರಮೇಶ, ತುಮಕೂರು: ಲೆಕ್ಕ ಒಪ್ಪಿದೆ. ಆದರೆ ಜಾಗ ಇಲ್ಲದೆ 80 ಕೆಜಿ ಆರ್ಡರ್ ಹಿಡಿಯುವುದು ಹೇಗೆ? ಮೊದಲು ಜಾಗ, ಆಮೇಲೆ ಆರ್ಡರ್ ಅಲ್ಲವೇ?

ನಾಗರತ್ನಾ, ಬೆಂಗಳೂರು: ಮನೆ ನಿಜವಾಗಿ ತುಂಬಿದೆಯೇ ಎಂಬುದನ್ನು ಮೊದಲು ನೋಡಬೇಕು. ಸುಮಾ, ಕರಿಯುವ ದಿನ ಒಲೆ ಯಾವಾಗ ಆರಿಸಿದಿರಿ, ಏಕೆ ಆರಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಒಲೆ ಒಂದು ನಿಮಿಷವೂ ಖಾಲಿ ಇಲ್ಲದಿದ್ದರೆ ಮಾತ್ರ ಕೊರತೆ ಅಡುಗೆಮನೆಯದು.

ಸುಮಾ, ಮೈಸೂರು: ಬರೆಯುವುದೇ ಬೇಡ, ನನಗೆ ಗೊತ್ತು. ಕರಿದ ಚಕ್ಕುಲಿಯ ಬಿಸಿ ಆರಲು ಹರಡುವ ಜಾಗ ಸಾಲದೆ ಒಲೆ ನಿಲ್ಲಿಸುತ್ತೇನೆ. ನಡುಮನೆಯಲ್ಲಿ ಹಾಸಿದ ಬಟ್ಟೆ, ಊಟದ ಮೇಜು, ಎಲ್ಲ ತುಂಬಿರುತ್ತದೆ. ಕಲಸಿದ ಹಿಟ್ಟು ಕಾಯುತ್ತಾ ಕೂತರೆ ಚಕ್ಕುಲಿ ಕೆಂಪಾಗಿ ಎಣ್ಣೆ ಕುಡಿಯುತ್ತದೆ. ಬೇಗ ಜಾಗ ಮಾಡಲೆಂದು ಬಿಸಿಯಿರುವಾಗಲೇ ಕವರಿಗೆ ಹಾಕಿದರೆ ಒಳಗೆ ಬೆವರು ಕೂತು ಮೆತ್ತಗಾಗುತ್ತದೆ.

ನಾಗರತ್ನಾ, ಬೆಂಗಳೂರು: ನಿಮಗೆ ಬೇಕಾಗಿರುವುದು ಮಳಿಗೆಯಲ್ಲ, ತಟ್ಟೆಗಳ ಸ್ಟ್ಯಾಂಡು. ಬೇಕರಿಯವರು ಬಳಸುವ ಚಕ್ರವಿರುವ ಸ್ಟೀಲ್ ಸ್ಟ್ಯಾಂಡು ಗೋಡೆಯ ಪಕ್ಕ ನಿಂತುಕೊಂಡು ಇಡೀ ನಡುಮನೆಯ ಕೆಲಸ ಮಾಡುತ್ತದೆ. ತಟ್ಟೆಗಳ ನಡುವೆ ಗಾಳಿ ಆಡುವಷ್ಟು ಅಂತರ ಇರಲಿ. ಅಂಗಡಿಯವರ 40ರಲ್ಲಿ 20 ಕೆಜಿಯನ್ನು ಇದರಲ್ಲೇ ಮಾಡಿಕೊಡಿ. ಮೂರು ತಿಂಗಳು ನಿಯಮಿತವಾಗಿ ಎತ್ತುತ್ತಾರೋ, ಹಣ ಹೊತ್ತಿಗೆ ಕೊಡುತ್ತಾರೋ, ಉಳಿದದ್ದನ್ನು ವಾಪಸು ತಳ್ಳುತ್ತಾರೋ ಗೊತ್ತಾಗುತ್ತದೆ. ರಮೇಶ್ ಕೇಳಿದ್ದಕ್ಕೂ ಇದೇ ನನ್ನ ಉತ್ತರ.

ಮಂಜುನಾಥ, ಮಂಡ್ಯ: ನಾನು ಮದುವೆ ಅಡುಗೆ ಕಾಂಟ್ರಾಕ್ಟರ್. ಮುಹೂರ್ತವಿಲ್ಲದ ದಿನ, ಆಷಾಢವಿಡೀ, ನಮ್ಮ ಅಡುಗೆಮನೆ ಖಾಲಿ ಬಿದ್ದಿರುತ್ತದೆ. ದೊಡ್ಡ ಒಲೆ, ಹೊಗೆಕೊಳವೆ, ನೀರು ಎಲ್ಲ ಇದೆ. ಇಂಥವರನ್ನು ಹಿಡಿದು ದಿನದ ಬಾಡಿಗೆಗೆ ಮಾಡಿ ನೋಡಿ, ಮುಂಗಡವೇ ಬೇಡ.

ಸುಮಾ, ಮೈಸೂರು: ಒಳ್ಳೆಯ ದಾರಿ, ಆದರೆ ನನ್ನ ಅಷ್ಟಮಿ ಗಿರಾಕಿಗಳು ಮಡಿಯವರು. ಈರುಳ್ಳಿ, ಬೆಳ್ಳುಳ್ಳಿ ಬೆಂದ ಬಾಣಲೆ ಎಂದರೆ ಮುಟ್ಟುವುದಿಲ್ಲ.

ಮಂಜುನಾಥ, ಮಂಡ್ಯ: ಬಾಣಲೆ, ಜಾಲರಿ, ಒರಳು ನಿಮ್ಮದೇ ತನ್ನಿ. ಒಲೆಗೆ ಮಡಿ ಎಲ್ಲಿ?

ನಾಗರತ್ನಾ, ಬೆಂಗಳೂರು: ಮಂಜುನಾಥ್, ಒಲೆಗಿಂತ ದೊಡ್ಡ ತೊಡಕು ಕಾಗದದ್ದು. ನೋಂದಣಿ ಸುಮಾ ಅವರ ಮನೆಯ ವಿಳಾಸಕ್ಕೆ ಇದೆ, ತಯಾರಾಗುವುದು ನಿಮ್ಮಲ್ಲಿ. ಪೊಟ್ಟಣದ ಮೇಲೆ ಯಾವ ವಿಳಾಸ ಹಾಕುವುದು? ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳದೆ ನಾನು ಇದಕ್ಕೆ ಹೂಂ ಎನ್ನುವುದಿಲ್ಲ.

ಶಾಂತಾ, ಹುಬ್ಬಳ್ಳಿ: ಎಲ್ಲರೂ ದುಡ್ಡಿನ ಮಾತೇ ಆಡುತ್ತಿದ್ದೀರಿ. ವಾರವಿಡೀ ಎಣ್ಣೆಯ ಹೊಗೆಯಲ್ಲಿ ಅತ್ತೆ, ಮಗಳು ಬದುಕಬೇಕಲ್ಲ? ನನ್ನ ಮನೆಯಲ್ಲಿ ಪರದೆಗೂ ಹಾಸಿಗೆಗೂ ಒಗ್ಗರಣೆಯ ವಾಸನೆ ಹತ್ತಿತ್ತು. ನಾನು ಹೊರಗೆ ಹೋಗಿದ್ದಕ್ಕೆ ಅದೂ ಕಾರಣ.

ನಾಗರತ್ನಾ, ಬೆಂಗಳೂರು: ಈ ಮಾತಿಗೆ ನನ್ನ ಲೆಕ್ಕ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಮನೆಯವರಿಗೆ ಕೆಮ್ಮು ಶುರುವಾಗಿದ್ದರೆ, ಮೇಲಿನ ಮನೆಯವರು ದೂರುತ್ತಿದ್ದರೆ, ಬಾಗಿಲ ಹತ್ತಿರ ಸಿಲಿಂಡರುಗಳು ಸಾಲಾಗಿ ನಿಂತಿದ್ದರೆ ನಷ್ಟವಾದರೂ ಜಾಗ ಬದಲಿಸಬೇಕು. ಆಗಲೂ 14,000ದ ರಸ್ತೆ ಬದಿಯ ಮಳಿಗೆಯೇ ಬೇಕೆಂದಿಲ್ಲ, ಗಿರಾಕಿ ಬರುವುದಿಲ್ಲವಾದ್ದರಿಂದ ಒಳರಸ್ತೆಯ ಶೆಡ್ಡು ಸಾಕು. ಅಲ್ಲಿ ಎಣ್ಣೆಯಲ್ಲಿ ಕರಿಯುವ ಕೆಲಸಕ್ಕೆ ಮಾಲೀಕರ ಒಪ್ಪಿಗೆ ಕರಾರಿನಲ್ಲೇ ಬರೆದಿರಬೇಕು.

ಸುಮಾ, ಮೈಸೂರು: ಮೇಲಿನ ಮನೆಯವರು ಈಗಾಗಲೇ ಎರಡು ಬಾರಿ ಹೇಳಿದ್ದಾರೆ. ಸ್ಟ್ಯಾಂಡು ತಂದು 20 ಕೆಜಿ ಶುರು ಮಾಡುತ್ತೇನೆ, ಮಳಿಗೆಯವರಿಗೆ ಸದ್ಯಕ್ಕೆ ಬೇಡ ಎನ್ನುತ್ತೇನೆ. ಸರಸ್ವತೀಪುರದ ಆಸುಪಾಸಿನಲ್ಲಿ 6,000ದ ಒಳಗೆ ಶೆಡ್ಡು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ರಮೇಶ, ತುಮಕೂರು: ಅಂಗಡಿಯವರಿಗೆ 350 ಕೇಳಿ ನೋಡಿ. ಕೊಡುವುದಿಲ್ಲ ಎಂದು ಅವರೇ ಹೇಳಲಿ.