ಲಕ್ಷಕ್ಕೆ ಎಷ್ಟು ಕಂತು, ಬಾಯಲ್ಲೇ ಲೆಕ್ಕ

«ಚಿಕ್ಕಪ್ಪ, 32 ಲಕ್ಷ ಸಾಲ, 8.75 ಪರ್ಸೆಂಟ್, 20 ವರ್ಷ. ಸಾಲ ಕೊಡೋರು ಕೊಟ್ಟ ಚೀಟಿಯಲ್ಲಿ ಇಎಂಐ 28,942 ಅಂತ ಇದೆ. ನೀವು ಫೋನೂ ಮುಟ್ಟದೆ ಜಾಸ್ತಿ ಇದೆ ಅಂದ್ರಲ್ಲ, ಹೇಗೆ?»

ಪುಟ್ಟಿ, ಟೈಪ್ ಮಾಡ್ತಾ ಕೂತರೆ ಕೈ ನೋಯುತ್ತದೆ, ಆದರೂ ಮಾತಾಡಿದ ಹಾಗೇ ಬರೆಯುತ್ತೇನೆ, ಉದ್ದವಾದರೆ ಬೈಯಬೇಡ.

ನಾನು ಇಡೀ ಪಟ್ಟಿ ಬಾಯಿಪಾಠ ಮಾಡಿಲ್ಲ. 9 ಪರ್ಸೆಂಟಿನ ಒಂದೇ ಒಂದು ಸಾಲು ನೆನಪಿದೆ, ಅಷ್ಟೇ. 9 ಪರ್ಸೆಂಟಿಗೆ ಒಂದು ಲಕ್ಷ ತಗೊಂಡರೆ 20 ವರ್ಷಕ್ಕೆ ತಿಂಗಳಿಗೆ 900 ರೂಪಾಯಿ. ಇದು ಎಷ್ಟು ಸಲೀಸು ನೋಡು, 9ಕ್ಕೆ 900, ಮರೆಯೋಕೇ ಆಗಲ್ಲ. 15 ವರ್ಷಕ್ಕೆ 1014, 10 ವರ್ಷಕ್ಕೆ 1267, 5 ವರ್ಷಕ್ಕೆ 2076. ಈ ನಾಲ್ಕು ಸಾಕು.

ಬಡ್ಡಿ ದರ 9 ಇಲ್ಲದಿದ್ದರೆ? ಒಂದು ಪರ್ಸೆಂಟ್ ಏರಿದರೆ 20 ವರ್ಷದ ಸಾಲಕ್ಕೆ ಲಕ್ಷಕ್ಕೆ 65 ರೂಪಾಯಿ ಕೂಡಿಸು, ಇಳಿದರೆ ಕಳೆ. 15 ವರ್ಷಕ್ಕೆ 60, 10ಕ್ಕೆ 55, 5ಕ್ಕೆ 50. ಐದೈದು ವರ್ಷಕ್ಕೆ ಐದೈದು ರೂಪಾಯಿ ಇಳಿಯುತ್ತದೆ, ಅದನ್ನೂ ಬೇರೆ ನೆನಪಿಡಬೇಕಾಗಿಲ್ಲ.

ಈಗ ನಿನ್ನ ಲೆಕ್ಕ. 8.75 ಅಂದರೆ 9ಕ್ಕಿಂತ ಕಾಲು ಪರ್ಸೆಂಟ್ ಕಡಿಮೆ. 65ರ ಕಾಲು ಭಾಗ 16. 900ರಲ್ಲಿ 16 ಹೋದರೆ 884. ಅದು ಒಂದು ಲಕ್ಷಕ್ಕೆ. 32 ಲಕ್ಷಕ್ಕೆ 884ನ್ನು 32ರಿಂದ ಗುಣಿಸು, 28,288. ಕ್ಯಾಲ್ಕುಲೇಟರಿನಲ್ಲಿ ಹಾಕಿದರೆ 28,279 ಬರುತ್ತದೆ. ಒಂಬತ್ತು ರೂಪಾಯಿ ವ್ಯತ್ಯಾಸ, ಅದನ್ನು ಬಿಡು. ಆದರೆ ನಿನ್ನ ಚೀಟಿಯಲ್ಲಿ 650 ರೂಪಾಯಿ ಜಾಸ್ತಿ ಇದೆ, ಅದು ಬಾಯಿಲೆಕ್ಕದ ತಪ್ಪಲ್ಲ. ಆ 650 ಎಲ್ಲಿಂದ ಬಂತು ಅನ್ನೋದು ಆಮೇಲೆ ಹೇಳುತ್ತೇನೆ, ಮೊದಲು ಈ 900 ಯಾಕೆ 900 ಅಂತ ಗೊತ್ತಾಗಬೇಕು.

ಒಂದು ಲಕ್ಷಕ್ಕೆ ವರ್ಷಕ್ಕೆ 9 ಸಾವಿರ ಬಡ್ಡಿ, ಅಲ್ವಾ? ತಿಂಗಳಿಗೆ 750. ಮೊದಲ ತಿಂಗಳು ನೀನು 900 ಕಟ್ಟಿದರೆ 750 ಬಡ್ಡಿಗೇ ಹೋಯಿತು, ಅಸಲಿಗೆ ಸೇರಿದ್ದು 150. ಮುಂದಿನ ತಿಂಗಳು ಅಸಲು 99,850, ಅದಕ್ಕೆ ಬಡ್ಡಿ ಒಂದು ರೂಪಾಯಿ ಕಡಿಮೆ, ಅಸಲಿಗೆ ಆ ಒಂದು ರೂಪಾಯಿ ಜಾಸ್ತಿ. ಹೀಗೇ ತೆವಳುತ್ತಾ ಹೋಗುತ್ತದೆ. ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. 9 ಪರ್ಸೆಂಟಿನಲ್ಲಿ ಕಂತು ಯಾವತ್ತೂ 750ಕ್ಕಿಂತ ಕೆಳಗೆ ಬರೋದೇ ಇಲ್ಲ, ನೂರು ವರ್ಷಕ್ಕೆ ಸಾಲ ಕೊಟ್ಟರೂ ಇಲ್ಲ. ಅದಕ್ಕೇ ಅವಧಿ ಎಳೆದ ಹಾಗೆಲ್ಲ ಉಳಿತಾಯ ಕರಗುತ್ತಾ ಹೋಗುತ್ತದೆ. 10ರಿಂದ 20 ವರ್ಷಕ್ಕೆ ಹೋದರೆ ಲಕ್ಷಕ್ಕೆ 367 ರೂಪಾಯಿ ಇಳಿಯುತ್ತದೆ. 20ರಿಂದ 30ಕ್ಕೆ ಹೋದರೆ? 805 ಆಗುತ್ತದೆ, ಬರೀ 95 ಇಳಿದದ್ದು. ಆ 95ಕ್ಕೋಸ್ಕರ ಇನ್ನೂ 120 ಕಂತು ಕಟ್ಟಬೇಕು, ಒಟ್ಟು ಲೆಕ್ಕ ಹಾಕಿದರೆ ಪ್ರತಿ ಲಕ್ಷಕ್ಕೆ ಸುಮಾರು 74 ಸಾವಿರ ಜಾಸ್ತಿ. ನಿನ್ನ ಅಣ್ಣ ಮೊನ್ನೆ 30 ವರ್ಷಕ್ಕೆ ತಗೋ ಅಂದನಲ್ಲ, ಅವನಿಗೂ ಇದನ್ನು ಓದಿಸು.

ಮಧ್ಯದ ವರ್ಷಗಳಿಗೆ ಈ ನಾಲ್ಕು ಸಂಖ್ಯೆ ನಡುವೆ ಅಂದಾಜು ಹೊಡೆಯಬಹುದು ಅಂದುಕೊಳ್ಳಬೇಡ, ಅಲ್ಲೇ ಎಡವೋದು. 7 ವರ್ಷಕ್ಕೆ 5ಕ್ಕೂ 10ಕ್ಕೂ ನಡುವೆ ಸಮ ಪಾಲು ಹಾಕಿದರೆ 1752 ಬರುತ್ತದೆ, ನಿಜವಾಗಿ ಅದು 1609. ಚಿಕ್ಕ ಅವಧಿಯಲ್ಲಿ ಕಂತು ಬೇಗ ಬೇಗ ಬೀಳುತ್ತದೆ, ಅದಕ್ಕೆ. ಕಾರ್ ಸಾಲ ಗೀಲ ನೋಡುತ್ತಿದ್ದರೆ ಆ 1609 ಬೇರೆಯಾಗಿ ನೆನಪಿಡು. 15ಕ್ಕೂ 20ಕ್ಕೂ ನಡುವೆ ಆದರೆ ಅಂದಾಜು ನಡೆಯುತ್ತದೆ, ಹತ್ತು ರೂಪಾಯಿ ಒಳಗೇ ಇರುತ್ತದೆ. ದರ 7ರಿಂದ 12ರ ಒಳಗಿದ್ದರೆ ನನ್ನ ಲೆಕ್ಕ ಲಕ್ಷಕ್ಕೆ ಐದಾರು ರೂಪಾಯಿಗಿಂತ ಹೆಚ್ಚು ತಪ್ಪಲ್ಲ. 14ಕ್ಕೆ ಹೋದರೆ 20 ವರ್ಷದ ಕಂತು ಸುಮಾರು 18 ರೂಪಾಯಿ ಕಡಿಮೆ ತೋರಿಸುತ್ತದೆ. ಹೆಚ್ಚೂ ಕಡಿಮೆ ಯಾವಾಗಲೂ ಕಡಿಮೆ ಕಡೆಗೇ ತಪ್ಪುತ್ತದೆ.

ಇನ್ನೊಂದು, ಫ್ಲ್ಯಾಟ್ ರೇಟ್ ಅಂತ ಯಾರಾದರೂ ಹೇಳಿದರೆ ಈ ಪಟ್ಟಿ ಹಾಗೇ ಹಾಕಬೇಡ. 9 ಪರ್ಸೆಂಟ್ ಫ್ಲ್ಯಾಟ್, 5 ವರ್ಷ ಅಂದರೆ ಲಕ್ಷಕ್ಕೆ 45 ಸಾವಿರ ಬಡ್ಡಿ ಸೇರಿಸಿ 60 ಭಾಗ ಮಾಡುತ್ತಾರೆ, ಕಂತು 2417. ನೀನು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಇಡೀ ಲಕ್ಷಕ್ಕೇ. ಈಗ ತಿರುಗಿಸಿ ನೋಡು, 2417ಕ್ಕೂ 2076ಕ್ಕೂ 341 ವ್ಯತ್ಯಾಸ, 50ರಿಂದ ಭಾಗಿಸಿದರೆ ಹತ್ತಿರ ಹತ್ತಿರ 7. ಅಂದರೆ ನಿಜವಾದ ದರ 16ರ ಅಂಚಿನಲ್ಲಿದೆ. ಒಂಬತ್ತು ಅಂತ ಬಾಯಲ್ಲಿ, ಹದಿನಾರು ಜೇಬಲ್ಲಿ!

ಈಗ ನಿನ್ನ 650 ರೂಪಾಯಿಗೆ ಬರೋಣ. ಎರಡು ದಾರಿ ಇದೆ. ದರ ಜಾಸ್ತಿ ಹಾಕಿದ್ದಾರೆ, ಇಲ್ಲ ಸಾಲದ ಮೊತ್ತ ಜಾಸ್ತಿ ಮಾಡಿದ್ದಾರೆ. ದರ ಅಂತಿಟ್ಟುಕೊಂಡರೆ 650ನ್ನು 32ರಿಂದ ಭಾಗಿಸು, ಲಕ್ಷಕ್ಕೆ 20 ರೂಪಾಯಿ. 65ಕ್ಕೆ ಒಂದು ಪರ್ಸೆಂಟ್ ಆದರೆ 20ಕ್ಕೆ 0.3. ಅಂದರೆ 9.05 ದರ ಆಗಬೇಕು, ಚೀಟಿಯಲ್ಲಿ 8.75 ಅಂತ ಕಣ್ಣೆದುರೇ ಇದೆ. ಮೊತ್ತ ಅಂತಿಟ್ಟುಕೊಂಡರೆ 650ನ್ನು 884ರಿಂದ ಭಾಗಿಸು, 0.74 ಬರುತ್ತದೆ, ಅಂದರೆ ಸುಮಾರು 74 ಸಾವಿರ. ಸಾಲಕ್ಕೆ ವಿಮೆ ಮಾಡಿಸಿ ಅದರ ಪ್ರೀಮಿಯಮ್ಮನ್ನೂ ಸಾಲಕ್ಕೇ ಸೇರಿಸುವುದು ಮಾಮೂಲಿ, ಅದರ ಮೊತ್ತವೂ ಇಷ್ಟೇ ಸುಮಾರು ಇರಬಹುದು. ನನಗೂ ಮನೆ ಸಾಲದಲ್ಲಿ ಹೀಗೇ ಆಗಿತ್ತು. ಕೇಳಿದ್ದಕ್ಕಿಂತ ದೊಡ್ಡ ಮೊತ್ತಕ್ಕೆ ಸಹಿ ಹಾಕಿದ್ದೆ, ಎರಡು ವರ್ಷ ಆದ ಮೇಲೆ ಸುಮ್ನೆ ಒಮ್ಮೆ ಭಾಗಿಸಿ ನೋಡಿದಾಗ ಗೊತ್ತಾಯಿತು.

ನನಗಂತೂ ಮೊತ್ತದ ಮೇಲೇ ಅನುಮಾನ. ಮಂಜೂರಾತಿ ಪತ್ರದಲ್ಲಿ ಸಾಲದ ಮೊತ್ತ ಅಂತ ಎಷ್ಟು ಬರೆದಿದ್ದಾರೆ ನೋಡು. 32,75,000 ಇದ್ದರೆ ಚೀಟಿಯ 28,942 ಸರಿಯಾಗಿ ಕೂರುತ್ತದೆ, ಆಗ ವಿಮೆ ಬೇಕಾ ಬೇಡವಾ ಅಂತ ಸಹಿಗೆ ಮುಂಚೆಯೇ ಕೇಳು. ಬರೀ 32,00,000 ಇದ್ದರೆ ಆ ಪುಟದ ಫೋಟೋ ಹಾಕು, ದರದ ಸಾಲು ನಾನೂ ಒಮ್ಮೆ ನೋಡುತ್ತೇನೆ.