ಕಂಪನಿಯ ಕರಿಯರ್ ಪೇಜ್‌ನಲ್ಲಿ ನೈಟ್ ಶಿಫ್ಟ್ ಇದೆ ಅಂತ ಬರೆಯಬೇಕಾ?

ಪ್ರಶ್ನೆ (ಎಚ್‌ಆರ್, ಪೀಣ್ಯ): ನಮ್ಮದು ಸಿಎನ್‌ಸಿಯಲ್ಲಿ ಶಾಫ್ಟ್, ಬುಷ್ ಮಾಡುವ ಸಣ್ಣ ಕಂಪನಿ. ಡಿಪ್ಲೊಮಾ ಮುಗಿಸಿದವರನ್ನು ಕ್ವಾಲಿಟಿ ಟ್ರೈನಿಗಳಾಗಿ ತೆಗೆದುಕೊಳ್ಳುತ್ತೇವೆ. ಕರಿಯರ್ ಪೇಜ್‌ನಲ್ಲಿ ‘ಉತ್ತಮ ವಾತಾವರಣ, ಅಪಾರ ಅವಕಾಶ, ಆಕರ್ಷಕ ಸಂಬಳ’ ಅಂತಿದೆ. ಬಂದವರಲ್ಲಿ ಹಲವರು ಮೂರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ. ಏನು ಬದಲಾಯಿಸಲಿ?

ಉತ್ತರ (ಕ್ಯಾಂಪಸ್ ನೇಮಕಾತಿ ನೋಡಿಕೊಳ್ಳುವವರು): ಮೇಡಂ, ಆ ಮೂರು ಮಾತು ತೆಗೆದುಬಿಡಿ. ಅದರ ಜಾಗದಲ್ಲಿ ಒಂದು ಶಿಫ್ಟ್ ಬರೆಯಿರಿ. ನೀವೇ ಕೂತು ಬರೆಯಬೇಡಿ, ಈಗ ಆ ಕೆಲಸ ಮಾಡುತ್ತಿರುವ ಹುಡುಗನನ್ನು ಕೇಳಿ. ಅವನು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ:

‘ಶಿಫ್ಟ್ ಶುರುವಾದಾಗ ಪ್ರತಿ ಮೆಷಿನ್‌ನ ಮೊದಲ ಪೀಸ್ ಅಳೆದು ಓಕೆ ಕೊಡಬೇಕು. ಓಕೆ ಬರುವ ತನಕ ಆಪರೇಟರ್ ಕಾಯುತ್ತಾ ನಿಂತಿರುತ್ತಾರೆ. ಆಮೇಲೆ ಗಂಟೆಗೊಮ್ಮೆ ಹೋಗಿ ಕೆಲವು ಪೀಸ್ ಅಳೆದು ಶೀಟ್‌ನಲ್ಲಿ ಬರೆಯಬೇಕು. ರಿಜೆಕ್ಟ್ ಆದದ್ದು ಕೆಂಪು ಟ್ರೇಗೆ. ಶಿಫ್ಟ್ ಪೂರ್ತಿ ನಿಂತೇ ಕೆಲಸ. ಮೂರು ವಾರಕ್ಕೊಮ್ಮೆ ನೈಟ್ ಶಿಫ್ಟ್.’

ಇದನ್ನು ಓದಿ ಹತ್ತು ಜನ ಅರ್ಜಿ ಹಾಕದೇ ಹೋದರೆ ಹೋಗಲಿ. ಅವರು ಹೇಗೂ ಮೂರನೇ ತಿಂಗಳಲ್ಲಿ ಹೋಗುವವರೇ ಅಲ್ವಾ?

ಆಯ್ಕೆಯ ವಿಷಯದಲ್ಲಿ ‘ಟೆಸ್ಟ್ ಮತ್ತು ಇಂಟರ್‌ವ್ಯೂ’ ಅಂತ ಬರೆದರೆ ಹುಡುಗರು ಆ್ಯಪ್ಟಿಟ್ಯೂಡ್ ಪುಸ್ತಕ ಹಿಡಿದು ಕೂರುತ್ತಾರೆ. ನಿಮಗೆ ಬೇಕಾಗಿರುವುದು ಡ್ರಾಯಿಂಗ್ ಓದುವವರು. ಹಾಗಾದರೆ ಮಾದರಿ ಪ್ರಶ್ನೆಯನ್ನೇ ಪೇಜ್‌ನಲ್ಲಿ ಹಾಕಿ: ‘ಡ್ರಾಯಿಂಗ್‌ನಲ್ಲಿ 25 h7 ಅಂತಿದೆ. 0.02 ಮಿ.ಮೀ. ಲೀಸ್ಟ್ ಕೌಂಟ್ ಇರುವ ವರ್ನಿಯರ್‌ನಲ್ಲಿ ಅಳೆದು ಓಕೆ ಕೊಡಬಹುದಾ?’ ಆ ಸೈಜ್‌ಗೆ h7 ಅಂದರೆ 25.000ರಿಂದ 24.979ರವರೆಗೆ. ಪೂರ್ತಿ ಅವಕಾಶವೇ 0.021. ವರ್ನಿಯರ್‌ನ ಒಂದು ಗೆರೆಯಲ್ಲೇ ಅದು ಮುಗಿದುಹೋಗುತ್ತದೆ, ಮೈಕ್ರೊಮೀಟರ್ ಬೇಕು. ಉತ್ತರ ಬರೆಯಬೇಡಿ. ಅದನ್ನು ಹುಡುಕಿಕೊಂಡು ಬರುವ ಹುಡುಗನೇ ನಿಮಗೆ ಬೇಕಾದವನು. ಎಷ್ಟು ಹಂತ, ಯಾವ ಹಂತದಲ್ಲಿ ಏನು ನೋಡುತ್ತೀರಿ, ಎಷ್ಟು ದಿನದಲ್ಲಿ ಫಲಿತಾಂಶ ಹೇಳುತ್ತೀರಿ, ಇಷ್ಟೂ ಇರಲಿ. ಸೆಲೆಕ್ಟ್ ಆಗದವರಿಗೂ ಮೆಸೇಜ್ ಹೋಗಬೇಕು.

ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್: ಇಷ್ಟೆಲ್ಲ ಯಾರು ಓದುತ್ತಾರೆ ಸರ್? ನಮ್ಮ ಹುಡುಗರು ನೋಡುವುದು ಸಂಬಳ ಒಂದೇ. ಸಿಟಿಸಿ ದೊಡ್ಡ ಅಕ್ಷರದಲ್ಲಿ ಹಾಕಿದರೆ ಸಾಕು.

ಉತ್ತರ: ಸಂಬಳ ಹಾಕಲೇಬೇಕು, ಅದು ಸರಿ. ಆದರೆ ಸಿಟಿಸಿ ಮಾತ್ರ ಹಾಕಿದರೆ ಜಗಳ ಶುರುವಾಗುವುದೇ ಅಲ್ಲಿಂದ. ಒಂದು ಲೆಕ್ಕ ನೋಡಿ. ತಿಂಗಳ ಸಂಬಳ 18,000, ಅದರಲ್ಲಿ ಬೇಸಿಕ್ 15,000 ಅಂದುಕೊಳ್ಳಿ. ಕಂಪನಿ ತನ್ನ ಪಾಲಿನ ಪಿಎಫ್ 1,800, ಇಎಸ್‌ಐ 585 ಸೇರಿಸಿ ವರ್ಷಕ್ಕೆ ಸುಮಾರು 2.45 ಲಕ್ಷ ಅನ್ನುತ್ತದೆ. ಹುಡುಗ 12ರಿಂದ ಭಾಗಿಸಿ 20,400 ಬರುತ್ತದೆ ಅಂತ ಮನೆಯಲ್ಲಿ ಹೇಳಿರುತ್ತಾನೆ. ಅವನ ಪಾಲಿನ ಪಿಎಫ್ 1,800, ಇಎಸ್‌ಐ 135 ಹೋಗಿ ಕೈಗೆ ಬರುವುದು 16,065. ಮೊದಲ ಸಂಬಳದ ದಿನವೇ ಮೋಸ ಹೋದೆ ಅನ್ನಿಸುತ್ತದೆ. ‘ಕೈಗೆ ಸುಮಾರು 16,000, ಕ್ಯಾಂಟೀನ್ ಊಟ ಇದೆ, ರೂಮ್ ನೀವೇ ನೋಡಿಕೊಳ್ಳಬೇಕು’ ಅಂತ ಬರೆಯಿರಿ. ಬಾಂಡ್ ಇದ್ದರೆ ಅದೂ ಇಲ್ಲೇ ಬರಲಿ, ಆಫರ್ ಲೆಟರ್‌ನ ಕೊನೇ ಪುಟದಲ್ಲಿ ಅಲ್ಲ.

ಒಬ್ಬ ಪೋಷಕರು, ತುಮಕೂರು: ನಮಸ್ಕಾರ ಮೇಡಂ. ನನ್ನ ಮಗ ಮೆಕ್ಯಾನಿಕಲ್ ಡಿಪ್ಲೊಮಾ, ಒಂದು ಸಬ್ಜೆಕ್ಟ್ ಬಾಕಿ ಇದೆ. ನಿಮ್ಮಲ್ಲಿ ಕೆಲಸ ಖಾಲಿ ಇದೆಯಾ? ಬಯೋಡೇಟಾ ಎಲ್ಲಿಗೆ ಕಳಿಸಲಿ?

ಎಚ್‌ಆರ್, ಪೀಣ್ಯ: ಸರ್, ಇಲ್ಲಿ ಪೇಜ್ ತಿದ್ದುವ ವಿಷಯ ಕೇಳುತ್ತಿದ್ದೆ. ಸಬ್ಜೆಕ್ಟ್ ಬಾಕಿ ಇರುವವರನ್ನು ನಾವು ಟೆಸ್ಟ್‌ಗೆ ಕೂರಿಸುತ್ತೇವೆ. ಪಾಸಾದ ಮೇಲೆ ಸೇರಿಸಿಕೊಳ್ಳುತ್ತೇವೆ.

ಉತ್ತರ: ನೋಡಿ ಮೇಡಂ, ಈ ಒಂದು ಸಾಲು ನಿಮ್ಮ ಪೇಜ್‌ನಲ್ಲಿ ಇಲ್ಲವಲ್ಲ. ಅವರು ಕೇಳಿದ್ದು ಸರಿಯಾಗೇ ಇದೆ.

ಎಚ್‌ಆರ್, ಪೀಣ್ಯ: ಹೌದು, ಸೇರಿಸುತ್ತೇನೆ. ಬೆಳವಣಿಗೆ ಬಗ್ಗೆ ಏನು ಬರೆಯಲಿ? ‘ಎರಡು ವರ್ಷದಲ್ಲಿ ಎಂಜಿನಿಯರ್’ ಅಂತ ಹಾಕಿ ಅಂತಾರೆ ನಮ್ಮ ಮಾಲೀಕರು.

ಉತ್ತರ: ರಿಜಿಸ್ಟರ್ ತೆಗೆದು ನೋಡಿ. ಐದು ವರ್ಷದಲ್ಲಿ ಟ್ರೈನಿಯಾಗಿ ಸೇರಿದವರು ಈಗ ಎಲ್ಲಿದ್ದಾರೆ?

ಎಚ್‌ಆರ್, ಪೀಣ್ಯ: ನೋಡಿದೆ. 14 ಜನ. 6 ಜನ ಬಿಟ್ಟಿದ್ದಾರೆ. 5 ಜನ ಇನ್ನೂ ಇನ್‌ಸ್ಪೆಕ್ಟರ್. ಇಬ್ಬರು ಪೀಸ್ ಅಳೆಯುವ ಸಿಎಂಎಂ ಮೆಷಿನ್‌ಗೆ ಪ್ರೋಗ್ರಾಂ ಮಾಡುತ್ತಾರೆ. ಒಬ್ಬರು ಕಸ್ಟಮರ್ ಕಂಪ್ಲೇಂಟ್ ನೋಡಿಕೊಳ್ಳುತ್ತಾರೆ.

ಉತ್ತರ: ಹಾಗಾದರೆ ‘ಎರಡು ವರ್ಷದಲ್ಲಿ ಎಂಜಿನಿಯರ್’ ಅನ್ನುವುದು ಸುಳ್ಳು. ಆ ಇಬ್ಬರು ಸಿಎಂಎಂಗೆ ಹೋದದ್ದು ಹೇಗೆ ಅಂತ ಬರೆಯಿರಿ. ಎಷ್ಟು ವರ್ಷವಾಯಿತು, ಏನು ಕಲಿತರು, ಸಂಬಳ ಎಷ್ಟು ಜಾಸ್ತಿಯಾಯಿತು. ಸಿಎಂಎಂ ಒಂದೇ ಇದ್ದರೆ ಎಲ್ಲರಿಗೂ ಅಲ್ಲಿ ಜಾಗ ಇಲ್ಲ ಅನ್ನುವುದೂ ಬರಲಿ.

ಎಚ್‌ಆರ್, ಪೀಣ್ಯ: ಸಂಬಳ, ಶಿಫ್ಟ್ ಹಾಕಲು ಮಾಲೀಕರು ಒಪ್ಪಿದ್ದಾರೆ. ಬಿಟ್ಟವರ ಲೆಕ್ಕ ಬೇಡವೇ ಬೇಡ ಅಂತಾರೆ.

ಪ್ಲೇಸ್‌ಮೆಂಟ್ ಆಫೀಸರ್: ಅದನ್ನು ನಾನೂ ಹಾಕಲ್ಲ ಮೇಡಂ. ಪಕ್ಕದ ಕಂಪನಿಯವರು ಹಾಕದಿದ್ದಾಗ ನೀವೊಬ್ಬರೇ ಹಾಕಿದರೆ ಹುಡುಗರು ಅಲ್ಲಿಗೆ ಹೋಗುತ್ತಾರೆ.

ಉತ್ತರ: ಆ ಭಯ ಸುಮ್ನೆ ಅಲ್ಲ, ಒಪ್ಪುತ್ತೇನೆ. ಪೇಜ್‌ನಲ್ಲಿ ಬೇಡದಿದ್ದರೆ ಇಂಟರ್‌ವ್ಯೂನಲ್ಲಿ ಹುಡುಗರು ಕೇಳಿದಾಗಲಾದರೂ ಇದೇ ಲೆಕ್ಕ ಹೇಳಿ. ಬಿಟ್ಟ 6 ಜನರಲ್ಲಿ ಇಬ್ಬರಿಗಾದರೂ ಫೋನ್ ಮಾಡಿ, ಯಾಕೆ ಬಿಟ್ಟಿರಿ ಅಂತ ಕೇಳಿ. ಕಾರಣ ನೈಟ್ ಶಿಫ್ಟ್ ಅಲ್ಲದೇ ಬೇರೆ ಏನಾದರೂ ಆಗಿದ್ದರೆ ಪೇಜ್ ಎಷ್ಟು ತಿದ್ದಿದರೂ ಉಪಯೋಗವಿಲ್ಲ.