ವರದಿಗಾರ್ತಿಗೆ ಆನ್‌ಲೈನ್ ಕಿರುಕುಳ: ನಿಮ್ಮ ಆಫೀಸಿನಲ್ಲಿ ಏನು ಮಾಡಿದರು?

ಕೊಪ್ಪಳದ ವರದಿಗಾರ್ತಿ: ಹೊಳೆ ಮರಳು ಸಾಗಣೆ ಬಗ್ಗೆ ಬರೆದೆ. ಮೂರು ದಿನದಿಂದ ನನ್ನ ಫೋಟೋ ತಿರುಚಿ ಫೇಸ್‌ಬುಕ್‌ನಲ್ಲಿ, ವಾಟ್ಸ್‌ಆಪ್ ಗ್ರೂಪ್‌ಗಳಲ್ಲಿ ಹಂಚುತ್ತಿದ್ದಾರೆ. ಆಫೀಸಿನಲ್ಲಿ ನಾವು ಹನ್ನೆರಡು ಜನ. ಇಂಥದ್ದಕ್ಕೆ ಒಂದು ನಿಯಮ ಬರೆದುಕೊಂಡು ಬಾ ಎಂದಿದ್ದಾರೆ ಸಂಪಾದಕರು. ನಿಮ್ಮಲ್ಲಿ ಯಾವುದು ಕೆಲಸಕ್ಕೆ ಬಂತು, ಹೇಳಿ.

ಸಿಂಧನೂರಿನವಳು: ನನ್ನದು 2024ರ ಆಗಸ್ಟ್. ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ವಾರ. ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಭತ್ತದ ಗತಿ ಏನೋ ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮೇಲ್ಭಾಗದಲ್ಲಿ ಪಂಪ್ ಇಟ್ಟು ನೀರು ಎತ್ತುವವರ ಬಗ್ಗೆ ಬರೆದೆ. ವರದಿಯ ಕೆಳಗೆ ನನ್ನ ಸ್ವಂತ ಮೊಬೈಲ್ ನಂಬರ್. ಆಗ ಪತ್ರಿಕೆಯಲ್ಲಿ ಎಲ್ಲರದೂ ಹಾಗೇ ಹಾಕುತ್ತಿದ್ದರು. ಮೊದಲ ರಾತ್ರಿಯೇ 61 ಕಾಲ್. ಅಮ್ಮ ಪಕ್ಕದಲ್ಲೇ ಮಲಗಿದ್ದಳು. ಫೋನ್ ಅನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದೆ.

ಮರುದಿನ 40 ಸ್ಕ್ರೀನ್‌ಶಾಟ್ ತೆಗೆದೆ, ಎಲ್ಲರನ್ನೂ ಬ್ಲಾಕ್ ಮಾಡಿದೆ, ಗ್ರೂಪ್‌ನಿಂದ ಹೊರಬಂದೆ. ಅಲ್ಲಿಗೇ ಕೆಟ್ಟಿತು. ಒಂದು ಸ್ಕ್ರೀನ್‌ಶಾಟ್‌ನಲ್ಲೂ ಲಿಂಕ್ ಇರಲಿಲ್ಲ. ನನ್ನ ಬಗ್ಗೆ ಹಾಕುತ್ತಿದ್ದ ಫೇಸ್‌ಬುಕ್ ಖಾತೆ ಎರಡು ದಿನಕ್ಕೆ ಹೆಸರು, ಫೋಟೋ ಎರಡನ್ನೂ ಬದಲಿಸಿತು. ಠಾಣೆಯಲ್ಲಿ "ಇದು ಯಾವ ಖಾತೆ ಎಂದು ಕಂಪನಿಗೆ ಹೇಗೆ ಬರೆಯೋಣ?" ಎಂದರು. ನನ್ನ ಫೋನ್ ಅನ್ನೇ ಪರೀಕ್ಷೆಗೆ ಇಟ್ಟುಕೊಂಡರು. ವಾಪಸ್ ಬಂದಿದ್ದು ಐದು ತಿಂಗಳಿಗೆ. ಹೊಸ ಫೋನ್ 13,500, ವಕೀಲರಿಗೆ 8,000. ರಾಯಚೂರಿಗೆ 11 ಸಲ ಹೋದೆ, ಹನ್ನೊಂದೂ ದಿನ ಸಂಬಳ ಕಟ್. ಕೊನೆಗೆ "ನಿನ್ನ ಸುರಕ್ಷತೆಗೆ" ಎಂದು ನೀರಾವರಿ ಸುದ್ದಿ ಕಿತ್ತುಕೊಂಡು ಪುರವಣಿಗೆ ಹಾಕಿದರು. ಇವತ್ತಿಗೂ ಅಲ್ಲೇ ಇದ್ದೇನೆ.

ಹಳೇ ಡೆಸ್ಕ್, ರಾಯಚೂರು: ಮೂವತ್ತು ವರ್ಷ ಡೆಸ್ಕ್‌ನಲ್ಲಿ ಕೂತವನು ಹೇಳುತ್ತೇನೆ ತಂಗಿ. ಉತ್ತರ ಕೊಡಬೇಡ, ಬ್ಲಾಕ್ ಮಾಡು, ಹದಿನೈದು ದಿನ ಸುಮ್ನಿರು. ನಮ್ಮ ಹುಡುಗಿಯೊಬ್ಬಳಿಗೆ ಹಾಗೇ ಮಾಡಿಸಿದೆವು, ತಣ್ಣಗಾಯಿತು. ಪೊಲೀಸ್ ದಾರಿ ಸುಲಭ ಅಲ್ಲ. ಡಿಜಿಟಲ್ ಸಾಕ್ಷ್ಯಕ್ಕೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಸರ್ಟಿಫಿಕೇಟ್ ಇಲ್ಲದೆ ಎಫ್‌ಐಆರ್ ಹಾಕಲ್ಲ. ಲೈಂಗಿಕ ಕಿರುಕುಳದ ದೂರು ಕೇಳುವ ಆಫೀಸಿನ ಪೋಶ್ ಸಮಿತಿಯೂ ಆಗಲ್ಲ, ಕಿರುಕುಳ ಕೊಡುವವರು ಹೊರಗಿನವರು ತಾನೇ.

ಸಿಂಧನೂರಿನವಳು: ಸರ್, ತಣ್ಣಗಾಗಿದ್ದು ಯಾರಿಗೆ? ನಿಮ್ಮ ಡೆಸ್ಕ್‌ಗೆ. ಆ ಹುಡುಗಿ ಈಗಲೂ ವರದಿಗಾರಿಕೆಯಲ್ಲಿ ಇದ್ದಾಳಾ?

ಹಳೇ ಡೆಸ್ಕ್, ರಾಯಚೂರು: ಬಿಟ್ಟಳು. ಮದುವೆಯಾಯಿತು. ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ.

ಬಳ್ಳಾರಿ ಬ್ಯೂರೋ: ನಮ್ಮಲ್ಲಿ ಬರೆದಿಟ್ಟ ನಿಯಮ ಇದೆ, ಹೊಡೆದಾಡಿ ಮಾಡಿಸಿದ್ದು ನಾನೇ. ಸಂಡೂರಿನ ಅದಿರು ಲಾರಿಗಳ ಸುದ್ದಿ ಮಾಡಿದ ಹುಡುಗಿಗೆ ತಿರುಚಿದ ಫೋಟೋ ಬಂದಾಗ ಶುರುವಾಯಿತು. ಮೊದಲ ಸಾಲು ಇಷ್ಟೇ: ಬೈಸಿಕೊಂಡವಳು ಸಾಕ್ಷಿ ಕೂಡಿಸಬಾರದು. ಡೆಸ್ಕ್‌ನಿಂದ ಒಬ್ಬರು ಕೂತು ಕೂಡಿಸಬೇಕು.

ಅದಕ್ಕೆ ಒಂದು ದಪ್ಪ ರಿಜಿಸ್ಟರ್. ದಿನಾಂಕ, ಗಂಟೆ, ಪೂರ್ತಿ ಲಿಂಕ್, ಯಾರು ನೋಡಿದರು. ಫೇಸ್‌ಬುಕ್ ಅನ್ನು ಕಂಪ್ಯೂಟರ್‌ನಲ್ಲಿ ತೆರೆದು ಪೋಸ್ಟ್‌ನ ಲಿಂಕ್ ಬೇರೆ, ಖಾತೆಯ ಲಿಂಕ್ ಬೇರೆ ಬರೆಯುತ್ತೇವೆ. ಎಷ್ಟೋ ಖಾತೆಗಳ ಲಿಂಕ್ `profile.php?id=` ಎಂದು ಇರುತ್ತದೆ. ಅದರ ಮುಂದಿನ ಅಂಕಿಗಳನ್ನು ಒಂದೂ ಬಿಡದೆ ಬರೆಯಬೇಕು. ಹೆಸರು ಹತ್ತು ಸಲ ಬದಲಾದರೂ ಆ ಅಂಕಿ ಬದಲಾಗಲ್ಲ. ಸಿಂಧನೂರಿನವರಿಗೆ ಕೈತಪ್ಪಿದ್ದು ಇದೇ. ವಾಟ್ಸ್‌ಆಪ್ ಆದರೆ ಅವಳು ಹೊರಬಂದರೂ ನಮ್ಮವರೊಬ್ಬರು ಗ್ರೂಪ್‌ನಲ್ಲಿ ಉಳಿಯುತ್ತಾರೆ. ಕಳಿಸಿದವರ ನಂಬರ್ ಬರೆದುಕೊಂಡು, ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಡುತ್ತಾರೆ.

ಇಷ್ಟಾದ ಮೇಲೆಯೇ ತೆಗೆಸುವುದು. ಮೊದಲ ಸಲ ಅವಸರಪಟ್ಟು ರಿಪೋರ್ಟ್ ಬಟನ್ ಒತ್ತಿ "ಕಿರುಕುಳ" ಎಂದು ಆರಿಸಿದೆವು. ನಿಯಮ ಮುರಿದಿಲ್ಲ ಎಂದು ಉತ್ತರ ಬಂತು. ಆಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೇ ಬರೆದೆವು. ತಿರುಚಿದ ಫೋಟೋ ಎಂದು ಹೇಳಿ 2021ರ ಐಟಿ ನಿಯಮಗಳ 3(2)(b) ಹಾಕಿದೆವು. ಆಗ ಅದಕ್ಕೆ 24 ಗಂಟೆ ಗಡುವಿತ್ತು. ಮರುದಿನ ಸಂಜೆ ಹೋಯಿತು.

ತಪ್ಪೂ ಆಗಿದೆ. ಒಬ್ಬ ಸಬ್ ಎಡಿಟರ್‌ಗೆ ನಾಲ್ಕು ದಿನ ಅದೇ ಕೆಲಸ ಕೊಟ್ಟೆ. ಊಟ ಸೇರುತ್ತಿಲ್ಲ ಮೇಡಂ ಎಂದ. ಈಗ ಎರಡು ಗಂಟೆಗೊಬ್ಬರು. ವರದಿಯ ಕೆಳಗೆ ಆಫೀಸ್ ನಂಬರ್ ಮಾತ್ರ. ಅದಕ್ಕೆ 9,000ದ ಫೋನ್ ತಂದೆವು, ರಾತ್ರಿ ಎಂಟಕ್ಕೆ ಸ್ವಿಚ್ ಆಫ್. ಅವಳಾಗಿ ಕೇಳದೆ ಬೀಟ್ ಬದಲಿಸುವಂತಿಲ್ಲ. ಈ ಸಾಲಿಗೆ ಮ್ಯಾನೇಜ್‌ಮೆಂಟ್ ಒಪ್ಪಲು ಏಳು ತಿಂಗಳು ಹಿಡಿಯಿತು.

ವಕೀಲೆ, ಬಳ್ಳಾರಿ: ಡೆಸ್ಕ್ ಸರ್ ಹೇಳಿದ್ದರಲ್ಲಿ ಎರಡು ತಪ್ಪಿವೆ. 63ರ ಸರ್ಟಿಫಿಕೇಟ್ ಕೋರ್ಟ್‌ನಲ್ಲಿ ಸಾಕ್ಷ್ಯ ಇಡುವಾಗ ಬೇಕು, ಎಫ್‌ಐಆರ್‌ಗೆ ಅಲ್ಲ. ಆದರೆ ಮೂಲ ಫೈಲ್ ಅಳಿಸಿದ್ದರೆ ಆಗ ಕಷ್ಟ. ಆದ್ದರಿಂದ ಕೂಡಿಸಿದವರು ಯಾರು, ಯಾವ ಕಂಪ್ಯೂಟರ್ ಎಂಬುದು ಮೊದಲ ದಿನವೇ ಬರೆದಿರಲಿ. ಸಾಕ್ಷಿ ಆಫೀಸ್ ಕಂಪ್ಯೂಟರ್‌ನಲ್ಲಿದ್ದರೆ ಅವಳ ಫೋನ್ ಹೋಗುವ ಸಾಧ್ಯತೆ ಕಡಿಮೆ. ಕಾಲ್ ಬಂದದ್ದು ಫೋನ್‌ಗೇ ಆದರೆ ಕೇಳಿಯೇ ಕೇಳುತ್ತಾರೆ, ಆ ಭರವಸೆ ಕೊಡಲಾರೆ.

ಪೋಶ್ ಸಮಿತಿ ಹೊರಗಿನವನ ಮೇಲೆ ಕ್ರಮ ಜರುಗಿಸಲು ಕಷ್ಟ, ಅಷ್ಟು ನಿಜ. ಆದರೆ 2013ರ ಪೋಶ್ ಕಾಯ್ದೆಯ 19ನೇ ಸೆಕ್ಷನ್ ಓದಿ. ಪೊಲೀಸ್ ದೂರು ಕೊಡಲು ಅವಳಿಗೆ ನೆರವಾಗುವುದು ಮಾಲೀಕರ ಕೆಲಸ. ಹೊರಗಿನವನಾದರೆ ಏನು ಎಂದೂ ಅಲ್ಲೇ ಬರೆದಿದೆ. ಹನ್ನೆರಡು ಜನರ ಆಫೀಸಿಗೆ ಸಮಿತಿಯೂ ಕಡ್ಡಾಯ.

ಠಾಣೆಯಲ್ಲಿ "ಸೈಬರ್ ಕೇಸು, ಸಿಇಎನ್ ಠಾಣೆಗೆ ಹೋಗಿ" ಎಂದು ಓಡಾಡಿಸುತ್ತಾರೆ. ಐಟಿ ಕಾಯ್ದೆಯ ತನಿಖೆ ಇನ್ಸ್‌ಪೆಕ್ಟರ್ ದರ್ಜೆಯವರೇ ಮಾಡಬೇಕು, ಅದಕ್ಕೆ ಹಾಗೆ. ಆದರೂ ದೂರು ತೆಗೆದುಕೊಳ್ಳಲೇಬೇಕು, ಯಾವ ಠಾಣೆಯ ವ್ಯಾಪ್ತಿ ಎಂದು ನೋಡುವಂತಿಲ್ಲ. ಹೊಸ ಅಪರಾಧ ಪ್ರಕ್ರಿಯೆ ಕಾಯ್ದೆ ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಇಮೇಲ್‌ನಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದೂರಿನಲ್ಲಿ ಹೊಸ ದಂಡ ಸಂಹಿತೆ ಬಿಎನ್‌ಎಸ್‌ನ 78, 79, ಐಟಿ ಕಾಯ್ದೆಯ 67ನೇ ಸೆಕ್ಷನ್ ಹೆಸರಿಸಿ. ಬರೀ ಬೆದರಿಕೆ ಎಂದು ಬರೆದರೆ ಎಫ್‌ಐಆರ್ ಹಾಕದೆ ಹಿಂಬರಹ ಕೊಟ್ಟು ಕಳಿಸುತ್ತಾರೆ.

ಗಂಗಾವತಿ ಸ್ಟ್ರಿಂಗರ್: ಎಲ್ಲ ಓದಿದೆ. ನನಗೂ ರೈಸ್ ಮಿಲ್ ಸುದ್ದಿಗೆ ಕೊಲೆ ಬೆದರಿಕೆ ಬಂದಿತ್ತು, ಗಂಡಸು ಅಂತ ಯಾರೂ ಕೇಳಲಿಲ್ಲ. ತಿಂಗಳಿಗೆ 3,000 ಕೊಡುತ್ತಾರೆ, ಪೆಟ್ರೋಲ್ ನಮ್ಮದೇ. "ನೀನು ನಮ್ಮ ಸಿಬ್ಬಂದಿ ಅಲ್ಲ" ಎಂದು ಬರೆಸಿಕೊಂಡಿದ್ದಾರೆ. ಈ ನಿಯಮ ಯಾರಿಗೆ?

ಸಿಂಧನೂರಿನವಳು: ಅಣ್ಣಾ, ನಿಮ್ಮ ಕಷ್ಟ ದೊಡ್ಡದೇ. ಆದರೆ ನಿಮ್ಮ ಮುಖ ಬೇರೆ ಮೈಗೆ ಅಂಟಿಸಿ ನಿಮ್ಮ ಮಾವನ ಫೋನ್‌ಗೆ ಯಾರೂ ಕಳಿಸಲಿಲ್ಲ. ಇಲ್ಲಿ ಬೇರೆ ಮಾತು ನಡೆದಿದೆ.

ಗಂಗಾವತಿ ಸ್ಟ್ರಿಂಗರ್: ನಮ್ಮ ತಾಲ್ಲೂಕಿನ ಇಬ್ಬರು ಹೆಣ್ಣುಮಕ್ಕಳೂ ಸ್ಟ್ರಿಂಗರ್‌ಗಳೇ ಅಕ್ಕಾ. ಅವರಿಗೆ ಬಂದರೆ ಯಾರ ರಿಜಿಸ್ಟರ್? ಅದನ್ನೇ ಕೇಳಿದ್ದು.

ವಕೀಲೆ, ಬಳ್ಳಾರಿ: ಪೋಶ್ ಕಾಯ್ದೆಯಲ್ಲಿ ಗುತ್ತಿಗೆ, ತಾತ್ಕಾಲಿಕ, ಸಂಬಳ ಇಲ್ಲದವರೂ ಉದ್ಯೋಗಿಗಳೇ. ಬರೆಸಿಕೊಂಡ ಚೀಟಿಯಿಂದ ಆ ಹಕ್ಕು ತಪ್ಪಿಹೋಗಲ್ಲ ಎಂದು ವಾದಿಸಬಹುದು. ಆದರೆ ಅದು ಲೈಂಗಿಕ ಕಿರುಕುಳಕ್ಕೆ ಮಾತ್ರ.

ಹಳೇ ಡೆಸ್ಕ್, ರಾಯಚೂರು: ಸ್ಟ್ರಿಂಗರ್‌ಗಳ ವಕೀಲರ ಖರ್ಚು ಸಣ್ಣ ಪತ್ರಿಕೆ ಎಲ್ಲಿಂದ ತರಬೇಕು? ಜಾಹೀರಾತು ಬಿಲ್ ಬರುವುದೇ ಆರು ತಿಂಗಳಿಗೆ.

ಬಳ್ಳಾರಿ ಬ್ಯೂರೋ: ನಮ್ಮಲ್ಲಿ ವಕೀಲರ ಖರ್ಚು ಹೋದ ವರ್ಷ ಒಟ್ಟು 22,000. ಸ್ಟ್ರಿಂಗರ್‌ಗಳು ನಿಯಮದಲ್ಲಿ ಇಲ್ಲ. ಸೇರಿಸಿ ಎಂದು ಎರಡು ಸಲ ಬರೆದೆ, ಒಪ್ಪಲಿಲ್ಲ.

ಕೊಪ್ಪಳದ ವರದಿಗಾರ್ತಿ: ನಾನು ನಿನ್ನೆ ರಾತ್ರಿ ಮೂರು ಖಾತೆ ಬ್ಲಾಕ್ ಮಾಡಿಬಿಟ್ಟೆ ಅಕ್ಕಾ. ಲಿಂಕ್ ತೆಗೆದಿಲ್ಲ.

ಬಳ್ಳಾರಿ ಬ್ಯೂರೋ: ಬ್ಲಾಕ್ ಮಾಡಿದವರ ಪಟ್ಟಿ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ ತಂಗಿ. ಆ ಖಾತೆಗಳನ್ನು ನೀನು ತೆರೆಯಬೇಡ. ಪಕ್ಕದ ಮೇಜಿನವರಿಗೆ ಹೆಸರು ಹೇಳು, ಅವರ ಖಾತೆಯಿಂದ ಹುಡುಕಿ ಅಂಕಿ ಬರೆದುಕೊಳ್ಳಲಿ. ಈಗಲೇ, ಹೆಸರು ಬದಲಿಸುವ ಮುಂಚೆ.